ಹಳೆ ವಿದ್ಯಾರ್ಥಿಗಳ ಕೂಟದ ಮೊದಲ ಭಾಷಣ: ಹೊಸಬರಿಗೆ ಏನು ಹೇಳಬೇಕು?

*ಮೇಡಂ, ನಮಸ್ಕಾರ. ನಾವು ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ಅರವತ್ತು ಮಂದಿ ಇದ್ದೇವೆ, ಒಂದು ಸಂಘವೂ ಇದೆ. ನವೆಂಬರ್‌ನಲ್ಲಿ ವಾರ್ಷಿಕ ಕೂಟ. ಮಾಸ್ಟರ್ಸ್ ಓದಲು ಬಂದಿರುವ ಹೊಸಬರು ಇಪ್ಪತ್ತರಷ್ಟು ಬರುತ್ತಾರೆ. ಸಂಘ ಅಂದರೇನು, ಯಾಕಿದೆ ಅಂತ ಅವರಿಗೆ ಹೇಳುವ ಮೊದಲ ಭಾಷಣ ನನ್ನ ಪಾಲಿಗೆ ಬಂದಿದೆ. ಹಳೆಯ ಭಾಷಣ ಓದಿದೆ. ಅರ್ಧ ಗಂಟೆಯದು, ತುಂಬ ಇತಿಹಾಸವೇ. ಕನ್ನಡ ಬಾರದವರೂ ಕೆಲವರು ಇರುತ್ತಾರೆ. ಚಂದಾ ವಿಷಯ ವೇದಿಕೆ ಮೇಲೆ ಎತ್ತಬಹುದಾ? ಏನು ಹೇಳಲಿ, ಎಷ್ಟು ಹೇಳಲಿ?*
*— ಸಂಘದ ಹೊಸ ಕಾರ್ಯದರ್ಶಿ*

ಆರು ನಿಮಿಷ ಸಾಕು. ಎದುರಿಗಿರುವವರ ಮುಖ ನೋಡುತ್ತಾ, ಅವಸರ ಇಲ್ಲದೆ ಕನ್ನಡ ಮಾತಾಡಿದರೆ ನಿಮಿಷಕ್ಕೆ 80ರಿಂದ 100 ಪದ ಆಗುತ್ತದೆ. ಅಂದರೆ ನೀವು ಬರೆದುಕೊಳ್ಳಬೇಕಾದದ್ದು ಸುಮಾರು 500 ಪದ. ಬರೆದ ಮೇಲೆ ಮನೆಯಲ್ಲಿ ಜೋರಾಗಿ ಓದಿ, ಫೋನಿನಲ್ಲಿ ಸಮಯ ನೋಡಿಕೊಳ್ಳಿ. ಮನಸ್ಸಿನಲ್ಲೇ ಓದಿದರೆ ಲೆಕ್ಕ ತಪ್ಪುತ್ತದೆ. ಬಾಯಿಗೆ ಬರುವಾಗ ಸಮಯ ಯಾವಾಗಲೂ ಜಾಸ್ತಿ ಹಿಡಿಯುತ್ತದೆ.

ಈಗ ಎದುರಿಗೆ ಕೂತಿರುವವರ ಬಗ್ಗೆ ಸ್ವಲ್ಪ ಯೋಚಿಸೋಣ. ನಿಮ್ಮ ಸಭೆಯಲ್ಲಿ ಎರಡು ಥರದ ಜನ ಇರುತ್ತಾರೆ. ಹಳಬರಲ್ಲಿ ಅನೇಕರು ಕೆಲಸದ ದಾರಿಯಲ್ಲಿ ಬಂದವರು. ಬಾಷ್ ಕಂಪನಿಯ ಮುಖ್ಯ ಕಚೇರಿ ಸ್ಟುಟ್‌ಗಾರ್ಟ್ ಪಕ್ಕದ ಗೆರ್ಲಿಂಗನ್‌ನಲ್ಲಿದೆ. ಬೆಂಗಳೂರಿನ ಆಡುಗೋಡಿಗೂ ಆ ಊರಿಗೂ ದಶಕಗಳಿಂದ ಎಂಜಿನಿಯರುಗಳ ಓಡಾಟ ಇದೆ. ಹೀಗೆ ಬಂದವರಿಗೆ ಮೊದಲ ದಿನದಿಂದಲೇ ಸಂಬಳ ಇತ್ತು. ಮನೆ ಹುಡುಕುವುದು, ಕಾಗದಪತ್ರ ಮಾಡಿಸುವುದು, ಇದರಲ್ಲೆಲ್ಲ ಕಂಪನಿಯವರ ಕೈ ಇತ್ತು. ಹೊಸಬರ ಸ್ಥಿತಿ ಬೇರೆ. ಅವರು ಸೆಪ್ಟೆಂಬರ್ ಕೊನೆಗೆ ಎರಡು ಸೂಟ್‌ಕೇಸು ಹಿಡಿದು ಬಂದಿದ್ದಾರೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ 11,904 ಯೂರೋದಿಂದ ಅವರಿಗೆ ಬಿಡುಗಡೆ ಆಗುವುದು ತಿಂಗಳಿಗೆ 992 ಯೂರೋ ಮಾತ್ರ. ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲ ಅದರಲ್ಲೇ ಆಗಬೇಕು. ಊರಲ್ಲಿ ಬ್ಯಾಂಕ್ ಸಾಲದ ಬಡ್ಡಿ ಓಡುತ್ತಿರುತ್ತದೆ.

ನವೆಂಬರ್ ಹೊತ್ತಿಗೆ ಅವರ ಮನಸ್ಸಿನಲ್ಲಿ ಎರಡು ಪ್ರಶ್ನೆ ಇರುತ್ತವೆ. ಕಷ್ಟ ಬಂದರೆ ಇಲ್ಲಿ ಯಾರಿಗೆ ಫೋನ್ ಮಾಡಲಿ? ಅದಕ್ಕೆ ಬದಲಾಗಿ ಇವರು ನನ್ನಿಂದ ಏನು ಕೇಳುತ್ತಾರೆ? ಹೊಸ ಜಾಗದಲ್ಲಿ, ಹಿರಿಯರ ಮುಂದೆ ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊದಲ ಭಾಷಣ ಇರುವುದೇ ಈ ಎರಡಕ್ಕೆ ಉತ್ತರ ಕೊಡಲಿಕ್ಕೆ.

ಹಾಗಾಗಿ ಹಳೆಯ ಭಾಷಣದ ಇತಿಹಾಸವನ್ನು ಒಂದೇ ವಾಕ್ಯಕ್ಕೆ ಇಳಿಸಿ. ಸಂಘ ಯಾವ ವರ್ಷ ಶುರುವಾಯಿತು ಅಂತ ಹೇಳಿದರೆ ಮುಗಿಯಿತು. ಸ್ಥಾಪಕರು ಸಭೆಯಲ್ಲೇ ಇದ್ದರೆ ಅವರನ್ನು ಒಮ್ಮೆ ಎದ್ದು ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ. ಆ ಕಡೆಯ ಕನ್ನಡ ಕೂಟಗಳಲ್ಲಿ ಕಿಟ್ಟೆಲ್ ಅವರ ಮಾತು ಬರುವುದೂ ಸಹಜ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕನ್ನಡ ನಿಘಂಟು ಅವರದು. 1903ರಲ್ಲಿ ಅವರು ತೀರಿಕೊಂಡದ್ದು ನಿಮ್ಮ ಪಕ್ಕದ ಟ್ಯೂಬಿಂಗನ್‌ನಲ್ಲಿ. ನನಗೂ ಅವರ ಬಗ್ಗೆ ಬಹಳ ಗೌರವ ಇದೆ. ಆದರೆ ರೂಮು ಸಿಗದೆ ಒದ್ದಾಡುತ್ತಿರುವವರಿಗೆ ಮೊದಲ ಐದು ನಿಮಿಷದಲ್ಲಿ ಬೇಕಾದ ವಿಷಯ ಅದಲ್ಲ. ಊಟದ ನಂತರ, ವಸಂತದಲ್ಲಿ ಟ್ಯೂಬಿಂಗನ್‌ಗೆ ಒಟ್ಟಿಗೆ ಹೋಗೋಣ ಅಂತ ಕರೆಯುವಾಗ ಹೇಳಿ. ಆಗ ಎಲ್ಲರೂ ಆಸಕ್ತಿಯಿಂದ ಕೇಳುತ್ತಾರೆ.

ಇನ್ನು ಸಂಘದ ಉದ್ದೇಶ. "ಹಳೆ ವಿದ್ಯಾರ್ಥಿಗಳ ನಡುವೆ ಬಾಂಧವ್ಯ ಬೆಳೆಸುವುದು, ಸಂಸ್ಕೃತಿ ಉಳಿಸುವುದು, ಕಾಲೇಜಿಗೆ ನೆರವಾಗುವುದು" ಅಂತ ಬೈಲಾದಲ್ಲಿ ಬರೆದಿರುತ್ತದೆ. ನೋಂದಣಿಗೆ ಅದು ಬೇಕು, ಭಾಷಣಕ್ಕೆ ಬೇಡ. ಕೇಳಿದವರಿಗೆ ಸಂಘ ಏನು ಮಾಡುತ್ತದೆ ಅಂತ ಅದರಿಂದ ತಿಳಿಯುವುದಿಲ್ಲ. ಅದರ ಬದಲು ಸಂಘ ಒಬ್ಬರಿಗೆ ನಿಜವಾಗಿ ಮಾಡಿದ ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಹೇಳಿ. ಯಾರಿಗೆ ಏನಾಯಿತು, ಅವರು ಯಾರಿಗೆ ಫೋನ್ ಮಾಡಿದರು, ಯಾರು ಏನು ಮಾಡಿದರು, ಎಷ್ಟು ದಿನ ಹಿಡಿಯಿತು. ಸಂಬಂಧಪಟ್ಟವರ ಒಪ್ಪಿಗೆ ಕೇಳಿ, ಹೆಸರು ಬಿಟ್ಟುಬಿಡಿ.

ಯಾವ ಘಟನೆ ಆರಿಸುವುದು? ಹೊಸಬರಿಗೂ ಆಗಬಹುದಾದದ್ದು. ಸಂಘದವರು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕೂತ ಘಟನೆ ಮನಸ್ಸು ತಟ್ಟುತ್ತದೆ ನಿಜ, ಆದರೆ ಆಗಷ್ಟೇ ಬಂದವರಿಗೆ ಅದು ಭಯ ಹುಟ್ಟಿಸುತ್ತದೆ. ನನ್ನನ್ನು ಕೇಳಿದರೆ ಅನ್‌ಮೆಲ್ಡುಂಗ್ ವಿಷಯವೇ ಸರಿ. ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ದಾಖಲು ಮಾಡಿಸಬೇಕು ಅಂತ ಜರ್ಮನಿಯಲ್ಲಿ ಕಾನೂನು ಇದೆ. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ದೃಢೀಕರಣ ಪತ್ರ ಬೇಕು. ವಿಳಾಸ ದಾಖಲಾಗದಿದ್ದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದಿಲ್ಲ, ಮುಂದಿನ ಹಲವು ಕೆಲಸ ನಿಂತುಹೋಗುತ್ತದೆ. ತಾತ್ಕಾಲಿಕ ರೂಮು ಕೊಡುವ ಕೆಲವರು ಬಾಡಿಗೆ ತೆಗೆದುಕೊಂಡು ಈ ಪತ್ರ ಮಾತ್ರ ಕೊಡುವುದಿಲ್ಲ. ಜರ್ಮನ್ ಮಾತು ಬಾರದ ವಿದ್ಯಾರ್ಥಿಗೆ ಅಲ್ಲಿಗೆ ದಾರಿ ಮುಚ್ಚುತ್ತದೆ. ಜರ್ಮನ್ ಬಲ್ಲ ಹಳಬರೊಬ್ಬರ ಹತ್ತು ನಿಮಿಷದ ಫೋನ್ ಕರೆಯಿಂದ ಅದು ತೆರೆಯಬಹುದು. ನಿಮ್ಮ ಸಂಘದ ಬೆಲೆ ಎಲ್ಲಿದೆ ಅಂತ ಇದರಿಂದ ಗೊತ್ತಾಗುತ್ತದೆ.

ಏನು ಮಾಡುತ್ತೀರಿ ಅಂತ ಹೇಳಿದ ಕೂಡಲೇ ಏನು ಮಾಡುವುದಿಲ್ಲ ಅಂತಲೂ ಹೇಳಿಬಿಡಿ. ಈ ಭಾಗವನ್ನು ಬಹಳ ಸಂಘಟಕರು ಸಂಕೋಚದಿಂದ ಬಿಡುತ್ತಾರೆ. "ನಾವೆಲ್ಲ ಒಂದೇ ಮನೆಯವರು, ಏನು ಬೇಕಾದರೂ ಕೇಳಿ" ಅಂದುಬಿಡುತ್ತಾರೆ. ಮುಂದಿನ ವಾರ ಯಾರೋ ಬಂದು "ಅಣ್ಣ, ನಿಮ್ಮ ಮನೆ ವಿಳಾಸದಲ್ಲಿ ನನ್ನ ಹೆಸರು ಹಾಕಿಸುತ್ತೀರಾ, ಬರೀ ಕಾಗದಕ್ಕೆ" ಅನ್ನುತ್ತಾರೆ. ಅಲ್ಲಿ ವಾಸ ಇಲ್ಲದವರಿಗೆ ವಾಸ ಇದ್ದಾರೆ ಅಂತ ಬರೆದುಕೊಡುವುದು ಜರ್ಮನಿಯಲ್ಲಿ ಅಪರಾಧ. ದಂಡ 50,000 ಯೂರೋವರೆಗೂ ಹೋಗಬಹುದು. ಆಗ ಇಲ್ಲ ಅಂದರೆ ಹುಡುಗನಿಗೆ ಅವಮಾನ, ಹೂಂ ಅಂದರೆ ಹಳಬರಿಗೆ ಕುತ್ತು. ಮೊದಲೇ ಎಲ್ಲರ ಮುಂದೆ ಹೇಳಿಬಿಟ್ಟರೆ ಯಾರಿಗೂ ನೋವಿಲ್ಲ. ಸಾಲದ ವಿಷಯವೂ ಹೀಗೇ. ಕೆಲಸದ ಶಿಫಾರಸೂ ಹೀಗೇ. ರೆಸ್ಯೂಮೆ ನೋಡಿ ಸಲಹೆ ಕೊಡುತ್ತೇವೆ ಅನ್ನಿ, ಕೆಲಸ ಕೊಡಿಸುತ್ತೇವೆ ಅನ್ನಬೇಡಿ.

ಈಗ ಚಂದಾ. ಖಂಡಿತ ಹೇಳಬೇಕು, ಮುಚ್ಚಿಡಬಾರದು. ಇಲ್ಲದಿದ್ದರೆ ಕೊನೆಯಲ್ಲಿ ಏನೋ ಕೇಳುತ್ತಾರೆ ಅಂತ ಹೊಸಬರು ಇಡೀ ದಿನ ಕಾಯುತ್ತಾ ಕೂರುತ್ತಾರೆ. ಎರಡೇ ವಾಕ್ಯದಲ್ಲಿ, ಮೊತ್ತದ ಸಮೇತ ಹೇಳಿ. ಸಂಬಳ ಇರುವ ಕುಟುಂಬಕ್ಕೆ ವರ್ಷಕ್ಕೆ 40 ಯೂರೋ ದೊಡ್ಡದಲ್ಲ. 992 ಯೂರೋದಲ್ಲಿ ತಿಂಗಳು ಕಳೆಯುವವರಿಗೆ ಅದು ಒಂದು ವಾರದ ದಿನಸಿ. ವಿದ್ಯಾರ್ಥಿಗಳಿಗೆ ಮೊದಲ ವರ್ಷ ಚಂದಾ ಬೇಡ ಅನ್ನುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ವೇದಿಕೆ ಮೇಲೆ ನಿಂತು ನೀವೇ ಅದನ್ನು ಘೋಷಿಸಬೇಡಿ. ಚಂದಾ ಎಷ್ಟು ಅಂತ ಯಾರು ತೀರ್ಮಾನಿಸಬೇಕು ಎನ್ನುವುದು ಬೈಲಾದಲ್ಲಿರುತ್ತದೆ, ಸಾಮಾನ್ಯವಾಗಿ ಅದು ಸರ್ವಸದಸ್ಯರ ಸಭೆ. ಕಾರ್ಯಕಾರಿ ಸಮಿತಿಯಲ್ಲಿ ಮಾತಾಡಿ, ತೀರ್ಮಾನ ಆದ ಮೇಲೆ ಹೇಳಿ.

ಇಲ್ಲೇ ಇನ್ನೊಂದು ವಿಷಯ ನೋಡಿಕೊಳ್ಳಿ. ನಿಮ್ಮ ಸಂಘ ನೋಂದಣಿ ಆಗಿದೆಯಾ? ಜರ್ಮನಿಯಲ್ಲಿ ಸಂಘ ನೋಂದಾಯಿಸಲು ಕನಿಷ್ಠ 7 ಜನ ಸದಸ್ಯರು ಬೇಕು. ಕೋರ್ಟಿನ ರಿಜಿಸ್ಟರಿನಲ್ಲಿ ದಾಖಲಾದ ಮೇಲೆ ಹೆಸರಿನ ಕೊನೆಗೆ "ಇ.ವಿ." ಅಂತ ಸೇರಿಸಬಹುದು. ಅದಾಗಿಲ್ಲದಿದ್ದರೆ ಭಾಷಣದಲ್ಲಿ "ನೋಂದಾಯಿತ ಸಂಘ" ಅನ್ನಬೇಡಿ. ನೋಂದಣಿ ಆಗಿದ್ದರೂ ತೆರಿಗೆ ರಿಯಾಯಿತಿ ತಾನಾಗಿ ಬರುವುದಿಲ್ಲ. ಸಾರ್ವಜನಿಕ ಹಿತದ ಸಂಘ ಅಂತ ತೆರಿಗೆ ಕಚೇರಿ ಬೇರೆಯೇ ಮಾನ್ಯತೆ ಕೊಡಬೇಕು. ಖಜಾಂಚಿಯನ್ನು ಕೇಳಿ, ಕಾಗದ ಕಣ್ಣಾರೆ ನೋಡಿದ ಮೇಲೆ ಮಾತ್ರ ರಿಯಾಯಿತಿಯ ಮಾತು ಆಡಿ.

ಕಾಲೇಜಿಗೆ ನೆರವು ಅನ್ನುವ ಉದ್ದೇಶದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಭಾಷಣಗಳಲ್ಲಿ ಅತಿ ಸುಲಭವಾಗಿ ಬಾಯಿಗೆ ಬರುವ ಮಾತು ಇದು. "ಎಲ್ಲರೂ ಸೇರಿ ಕಾಲೇಜಿಗೆ ಒಂದು ಲ್ಯಾಬ್ ಕಟ್ಟಿಸೋಣ" ಅಂದಾಗ ಚಪ್ಪಾಳೆ ಬೀಳುತ್ತದೆ. ದುಡ್ಡು ಹೋಗುವ ದಾರಿ ಅಷ್ಟು ಸುಲಭ ಇಲ್ಲ. ವಿದೇಶದಲ್ಲಿ ಹುಟ್ಟಿದ ಸಂಘ ಭಾರತದ ಒಂದು ಟ್ರಸ್ಟಿಗೆ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ. ಸದಸ್ಯರೆಲ್ಲ ಭಾರತೀಯರೇ ಆಗಿದ್ದರೂ ಅಷ್ಟೇ. ತೆಗೆದುಕೊಳ್ಳುವ ಟ್ರಸ್ಟಿಗೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು. 2020ರ ತಿದ್ದುಪಡಿ ಬಂದ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ದಾವಣಗೆರೆಯ ಶಾಖೆಗೆ ನೇರವಾಗಿ ಹಾಕುವಂತಿಲ್ಲ.

ಅದೇ ಭಾರತೀಯ ಪಾಸ್‌ಪೋರ್ಟ್ ಇರುವ ಒಬ್ಬರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಜರ್ಮನ್ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ ಇಟ್ಟುಕೊಂಡಿರುವವರು ಕಳಿಸಿದರೆ ಆಗುತ್ತದೆ. ಪಕ್ಕಪಕ್ಕದಲ್ಲಿ ಕೂತ ಇಬ್ಬರು ಗೆಳೆಯರಿಗೆ ಬೇರೆ ಬೇರೆ ನಿಯಮ! ಹೊಸಬರಿಗೆ ಇದನ್ನೆಲ್ಲ ವಿವರಿಸುವುದು ಬೇಡ. ಆದರೆ ನಿಮಗೆ ಗೊತ್ತಿರಬೇಕು. ಕಾಲೇಜಿನ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇದೆಯಾ ಅಂತ ಖಾತ್ರಿ ಆಗುವ ತನಕ ಲ್ಯಾಬ್, ಕಟ್ಟಡದ ಮಾತು ಭಾಷಣದಲ್ಲಿ ಬೇಡ. ಈಗ ಓದುತ್ತಿರುವ ಕೊನೆ ವರ್ಷದವರ ಜೊತೆ ತಿಂಗಳಿಗೊಮ್ಮೆ ವಿಡಿಯೋ ಕರೆಯಲ್ಲಿ ಮಾತಾಡುವುದು, ಪ್ರಾಜೆಕ್ಟ್ ನೋಡಿಕೊಡುವುದು ಇದ್ದರೆ ಅದನ್ನು ಹೇಳಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಹೊಸಬರು ಕೂಡ ನಾಳೆಯಿಂದಲೇ ಸೇರಿಕೊಳ್ಳಬಹುದು.

ಭಾಷೆಯ ಪ್ರಶ್ನೆಗೆ ಬರುತ್ತೇನೆ. ಭಾಷಣ ಕನ್ನಡದಲ್ಲೇ ಇರಲಿ, ಅದೂ ದಾವಣಗೆರೆಯ ಕನ್ನಡದಲ್ಲಿ, ನೀವು ಮನೆಯಲ್ಲಿ ಆಡುವ ಹಾಗೆ. ವೇದಿಕೆ ಹತ್ತಿದ ಕೂಡಲೇ ನಿರೂಪಕರ ಧಾಟಿ ಹಿಡಿಯಬೇಡಿ. ಕನ್ನಡ ಬಾರದವರಿಗಾಗಿ ಇಡೀ ಭಾಷಣವನ್ನು ಮತ್ತೆ ಇಂಗ್ಲಿಷಿನಲ್ಲಿ ಹೇಳುವುದು ಬೇಡ. ಸಮಯ ಎರಡರಷ್ಟಾಗುತ್ತದೆ, ಎರಡೂ ಕಡೆಯವರು ಅರ್ಧ ಹೊತ್ತು ಸುಮ್ನೆ ಕೂರುತ್ತಾರೆ. ಯಾವುದನ್ನು ಕೇಳಿಸಿಕೊಂಡು ಏನಾದರೂ ಮಾಡಬೇಕೋ ಅದನ್ನು ಮಾತ್ರ ಇಂಗ್ಲಿಷಿನಲ್ಲಿ ಮತ್ತೆ ಹೇಳಿ. ಯಾರಿಗೆ ಫೋನ್ ಮಾಡಬೇಕು, ಏನು ಕೇಳಬಾರದು, ಚೀಟಿ ಎಲ್ಲಿ ಹಾಕಬೇಕು. ಕನ್ನಡದಲ್ಲಿ ಹೇಳಿದ ತಕ್ಷಣ ಅಲ್ಲೇ ಹೇಳಿ, ಕೊನೆಗೆ ಇಟ್ಟುಕೊಳ್ಳಬೇಡಿ. ಕೊನೆಯ ಹೊತ್ತಿಗೆ ಅವರು ಕೇಳುವುದನ್ನು ಬಿಟ್ಟಿರುತ್ತಾರೆ.

ಇದೆಲ್ಲ ಸೇರಿದರೆ ಭಾಷಣ ಹೇಗಿರುತ್ತದೆ ಅಂತ ಒಂದು ಮಾದರಿ ಬರೆದಿದ್ದೇನೆ. ಘಟನೆ, ಬ್ಯಾಚು, ಮೊತ್ತ ಎಲ್ಲ ನನ್ನ ಊಹೆ. ಆ ಜಾಗಗಳಲ್ಲಿ ನಿಮ್ಮದು ಹಾಕಿಕೊಳ್ಳಿ, ಮಾತಿನ ಧಾಟಿಯನ್ನೂ ನಿಮ್ಮ ಬಾಯಿಗೆ ಒಗ್ಗಿಸಿಕೊಳ್ಳಿ.

"ಎಲ್ಲರಿಗೂ ನಮಸ್ಕಾರ. ಊಟ ಒಂದು ಗಂಟೆಗೆ. ಅಲ್ಲಿಯವರೆಗೆ ನಾನು ತೆಗೆದುಕೊಳ್ಳುವುದು ಆರೇ ನಿಮಿಷ.

ಈ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜರ್ಮನಿಗೆ ಬಂದವರು ಒಂದು ಸಲ ಕೈ ಎತ್ತಿ. ಹಾಗೇ ಇರಲಿ, ಇಳಿಸಬೇಡಿ. ಹಳಬರೆಲ್ಲ ಸ್ವಲ್ಪ ತಿರುಗಿ ನೋಡಿ. ಊಟಕ್ಕೆ ಕೂರುವಾಗ ಪ್ರತಿ ಟೇಬಲ್ಲಿನಲ್ಲೂ ಇವರಲ್ಲಿ ಇಬ್ಬರಾದರೂ ಇರಬೇಕು. ಈಗ ಕೈ ಇಳಿಸಿ. ನೀವು ಬಂದದ್ದು ನಮಗೆ ತುಂಬಾ ಸಂತೋಷ.

ನಾನು 2009ರ ಬ್ಯಾಚು, ಮೆಕ್ಯಾನಿಕಲ್. ಈ ವರ್ಷ ಸಂಘದ ಕಾರ್ಯದರ್ಶಿ. ನಮ್ಮ ಸಂಘ ಶುರುವಾದದ್ದು 2012ರಲ್ಲಿ. ಶುರು ಮಾಡಿದವರಲ್ಲಿ ಮೂವರು ಇಲ್ಲೇ ಇದ್ದಾರೆ. ಒಮ್ಮೆ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ.

ಸಂಘ ಏನು ಮಾಡುತ್ತದೆ ಅಂತ ಒಂದು ಘಟನೆ ಹೇಳುತ್ತೇನೆ. ಅವರ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಹೆಸರು ಹೇಳುವುದಿಲ್ಲ. ಹೋದ ವರ್ಷ ನಮ್ಮ ಕಾಲೇಜಿನ ಒಬ್ಬ ಹುಡುಗಿ ಎಸ್ಲಿಂಗನ್‌ಗೆ ಓದಲು ಬಂದರು. ರೂಮು ಸಿಕ್ಕಿತು. ಬಾಡಿಗೆ ಕೊಟ್ಟರು, ಕೀ ತೆಗೆದುಕೊಂಡರು. ಆದರೆ ಅನ್‌ಮೆಲ್ಡುಂಗ್ ಮಾಡಿಸಲು ಬೇಕಾದ ಕಾಗದಕ್ಕೆ ಮಾಲೀಕರು ಸಹಿ ಹಾಕಲಿಲ್ಲ. ಇವತ್ತು, ನಾಳೆ ಅಂತ ಮೂರು ವಾರ ತಳ್ಳಿದರು. ಊರಿಗೆ ಫೋನ್ ಮಾಡಿ ಹೇಳೋಣ ಅಂದರೆ ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಕೊನೆಗೆ ನಮ್ಮಲ್ಲಿ ಒಬ್ಬರಿಗೆ ಒಂದು ರಾತ್ರಿ ಮೆಸೇಜ್ ಹಾಕಿದರು. ಮಾರನೇ ದಿನ ಮಧ್ಯಾಹ್ನ ಆ ಹಿರಿಯರು ಮಾಲೀಕರಿಗೆ ಫೋನ್ ಮಾಡಿದರು. ಜರ್ಮನ್‌ನಲ್ಲಿ, ಜಗಳ ಆಡದೆ, ಆ ಕಾಗದ ಕೊಡುವುದು ಮಾಲೀಕರ ಮೇಲೆ ಕಾನೂನು ಹಾಕಿರುವ ಕರ್ತವ್ಯ ಅಂತ ಹೇಳಿದರು. ನಾಲ್ಕನೇ ದಿನ ಸಹಿ ಆಯಿತು. ಆ ಹುಡುಗಿ ಇವತ್ತು ಅಡುಗೆಮನೆಯಲ್ಲಿ ಮಂಡಕ್ಕಿ ಕಲಸುತ್ತಿದ್ದಾರೆ.

ನಮ್ಮ ಸಂಘ ಇಷ್ಟೇ. ಮೊದಲು ಬಂದವರು ಆಮೇಲೆ ಬಂದವರಿಗೆ ದಾರಿ ತೋರಿಸುತ್ತಾರೆ. ಬಾಡಿಗೆ ಕರಾರು ಸಹಿ ಮಾಡುವ ಮೊದಲು ಓದಿಕೊಡುತ್ತೇವೆ. ನೋಡದ ಮನೆಗೆ ಮುಂಗಡ ಕಳಿಸುವ ಮೊದಲು ನಮ್ಮನ್ನು ಒಂದು ಮಾತು ಕೇಳಿ. ಕಚೇರಿಯಿಂದ ಜರ್ಮನ್ ಪತ್ರ ಬಂದರೆ ಏನಿದೆ ಅಂತ ಹೇಳುತ್ತೇವೆ. ರೆಸ್ಯೂಮೆ ನೋಡುತ್ತೇವೆ. ಸುಮ್ಮನೆ ಬೇಜಾರಾಗಿದೆ, ಕನ್ನಡದಲ್ಲಿ ಮಾತಾಡಬೇಕು ಅನ್ನಿಸಿದರೂ ಫೋನ್ ಮಾಡಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲಾದಾಗ ಹಾಗೆ ಅನ್ನಿಸುತ್ತದೆ. ನಮಗೆಲ್ಲ ಆಗಿದೆ.

ಮೂರು ಕೆಲಸ ನಾವು ಮಾಡುವುದಿಲ್ಲ, ಅದನ್ನೂ ಈಗಲೇ ಹೇಳುತ್ತೇನೆ. ವಾಸ ಇಲ್ಲದವರಿಗೆ ನಮ್ಮ ಮನೆ ವಿಳಾಸ ಕೊಡುವುದಿಲ್ಲ. ಅದು ಇಲ್ಲಿ ಅಪರಾಧ, ಇಬ್ಬರಿಗೂ ತೊಂದರೆ. ಸಾಲ ಕೊಡುವುದಿಲ್ಲ. ಕೆಲಸ ಕೊಡಿಸುತ್ತೇವೆ ಅಂತ ಮಾತು ಕೊಡುವುದಿಲ್ಲ. ಬೇರೆ ಏನಿದ್ದರೂ ಸಂಕೋಚ ಬೇಡ.

ಫೋನ್ ಯಾರಿಗೆ? ಇಬ್ಬರು ಇದ್ದಾರೆ, ಈಗ ಎದ್ದು ನಿಲ್ಲುತ್ತಾರೆ. ಇವರ ಮುಖ ನೋಡಿಕೊಳ್ಳಿ. ನಂಬರ್ ಬಾಗಿಲ ಪಕ್ಕದ ಹಾಳೆಯಲ್ಲಿದೆ, ಫೋಟೋ ತೆಗೆದುಕೊಳ್ಳಿ. ಹುಡುಗಿಯರು ಒಬ್ಬ ಹೆಂಗಸಿನ ಹತ್ತಿರವೇ ಮಾತಾಡಬೇಕು ಅಂದರೆ ಎರಡನೇ ನಂಬರ್.

ಚಂದಾ ವಿಷಯ. ಓದುತ್ತಿರುವವರಿಗೆ ಮೊದಲ ವರ್ಷ ಇಲ್ಲ. ಆಮೇಲೆ ವರ್ಷಕ್ಕೆ 10 ಯೂರೋ. ಕೆಲಸ ಸಿಕ್ಕಿದ ಮೇಲೆ 40. ಆ ದುಡ್ಡು ಈ ಹಾಲಿನ ಬಾಡಿಗೆಗೆ, ಊಟಕ್ಕೆ ಹೋಗುತ್ತದೆ. ಲೆಕ್ಕದ ಹಾಳೆ ಖಜಾಂಚಿ ಹತ್ತಿರ ಇದೆ, ಯಾರು ಬೇಕಾದರೂ ನೋಡಬಹುದು.

ನಿಮ್ಮ ಕುರ್ಚಿ ಮೇಲೆ ಒಂದು ಚೀಟಿ ಇದೆ. ಹೆಸರು, ಬ್ಯಾಚು, ಈಗ ಇರುವ ಊರು ಬರೆಯಿರಿ. ನಂಬರ್ ಕೊಡುವುದು ನಿಮ್ಮ ಇಷ್ಟ. ಕೆಳಗೆ ಒಂದು ಸಾಲು ಖಾಲಿ ಇದೆ. ಈಗ ನಿಮಗೆ ಬಗೆಹರಿಯದೆ ಇರುವ ಒಂದು ವಿಷಯ ಅಲ್ಲಿ ಬರೆಯಿರಿ. ಊಟಕ್ಕೆ ಹೋಗುವಾಗ ಬಾಗಿಲ ಬಳಿಯ ಡಬ್ಬಿಯಲ್ಲಿ ಹಾಕಿ. ಫೋಟೋದಲ್ಲಿ ಬರುವುದು ಬೇಡ ಅನ್ನುವವರು ಚೀಟಿಯಲ್ಲೇ ಗುರುತು ಹಾಕಿ.

ಮಧ್ಯಾಹ್ನ ಮಕ್ಕಳ ಹಾಡು ಇದೆ. ಅದಕ್ಕೆ ಮೊದಲು ಮಂಡಕ್ಕಿ ಮೆಣಸಿನಕಾಯಿ, ಆಮೇಲೆ ಊಟ. ಬನ್ನಿ."

ಇದರಲ್ಲಿ ಕೆಲವು ಚಿಕ್ಕ ಏರ್ಪಾಡುಗಳಿಗೆ ಕಾರಣ ಇದೆ. ಚೀಟಿ ಯಾಕೆ ಅಂತ ನೋಡಿ. ಸಾಮಾನ್ಯವಾಗಿ ಒಂದೇ ಹಾಳೆ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಹೆಸರು, ನಂಬರ್ ಬರೆಯುತ್ತಾರೆ. ಮುಂದಿನವರಿಗೆ ಹಿಂದಿನವರ ನಂಬರ್ ಎಲ್ಲ ಕಾಣುತ್ತದೆ. ಒಂಟಿಯಾಗಿ ಬಂದ ಹುಡುಗಿಯರು ಹಿಂಜರಿದು ಹಾಳೆಯನ್ನು ಮುಂದೆ ದಾಟಿಸಿಬಿಡುತ್ತಾರೆ. 2018ರಿಂದ ಯುರೋಪಿನ ಮಾಹಿತಿ ರಕ್ಷಣೆ ಕಾನೂನು ಜಾರಿಯಲ್ಲಿದೆ, ಹಾಗೆ ಎಲ್ಲರ ನಂಬರ್ ಎಲ್ಲರಿಗೂ ತೋರಿಸುವುದು ಸಂಘಕ್ಕೂ ಒಳ್ಳೆಯದಲ್ಲ. ಯಾರನ್ನೂ ಕೇಳದೆ ವಾಟ್ಸಾಪ್ ಗುಂಪಿಗೆ ಸೇರಿಸುವುದೂ ಬೇಡ. ಸೇರುವ ಲಿಂಕ್ ಕೊಡಿ, ಬೇಕಾದವರು ಸೇರಲಿ.

ಎದ್ದು ನಿಲ್ಲುವ ಆ ಇಬ್ಬರನ್ನು ಒಂದು ವಾರ ಮೊದಲೇ ಒಪ್ಪಿಸಿರಬೇಕು. ವೇದಿಕೆ ಮೇಲಿಂದ ಹೆಸರು ಕರೆದರೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಆಮೇಲೆ ಫೋನ್ ಎತ್ತುವುದೂ ಇಲ್ಲ. ಒಬ್ಬರಿಗಾದರೂ ಚೆನ್ನಾಗಿ ಜರ್ಮನ್ ಬರಬೇಕು. ಅಧ್ಯಕ್ಷರನ್ನೇ ಹಾಕುವ ಅಗತ್ಯ ಇಲ್ಲ. ಎರಡು ವರ್ಷದ ಹಿಂದೆ ಬಂದವರು ಈ ಕೆಲಸಕ್ಕೆ ಹೆಚ್ಚು ಸರಿ. ಅವರಿಗೆ ಈಗಿನ ನಿಯಮ ಗೊತ್ತಿರುತ್ತದೆ. ಇಪ್ಪತ್ತು ವರ್ಷದ ಹಿಂದೆ ಬಂದವರು ಹೇಳುವ ವೀಸಾ ಸಲಹೆ ಎಷ್ಟೋ ಸಲ ಹಳತಾಗಿರುತ್ತದೆ.

ಭಾಷಣಕ್ಕೆ ಮೊದಲು ಗಣ್ಯರ ಪಟ್ಟಿ ಓದುವ ಪದ್ಧತಿ ನಿಮ್ಮಲ್ಲಿ ಇದ್ದರೆ ಅದನ್ನು ಊಟದ ನಂತರದ ಕಾರ್ಯಕ್ರಮಕ್ಕೆ ತಳ್ಳಿ. ಹಿರಿಯರಿಗೆ ಮೊದಲೇ ತಿಳಿಸಿದರೆ ಬೇಸರ ಪಡುವುದಿಲ್ಲ. ದೀಪ ಹಚ್ಚುವುದಿದ್ದರೆ ಹಾಲಿನ ಉಸ್ತುವಾರಿಯವರನ್ನು ಮುಂಚೆಯೇ ಕೇಳಿ. ಹೊಗೆಗೆ ಕೂಗುವ ಅಲಾರಂ ಇರುವ ಹಾಲುಗಳಲ್ಲಿ ಎಣ್ಣೆ ದೀಪ ಬೇಡ ಅನ್ನುತ್ತಾರೆ, ಸುಳ್ಳು ಅಲಾರಂಗೆ ಅಗ್ನಿಶಾಮಕದವರು ಬಂದರೆ ಬಿಲ್ಲು ನಿಮ್ಮ ಕೈಗೆ ಬರಬಹುದು.

ಮಾತು ತಲುಪಿತಾ ಅಂತ ಚಪ್ಪಾಳೆ ನೋಡಿ ತಿಳಿಯಬೇಡಿ. ಊಟದ ಟೇಬಲ್ ನೋಡಿ. ಹೊಸಬರೆಲ್ಲ ಒಂದೇ ಮೂಲೆಯಲ್ಲಿ ಸೇರಿಕೊಂಡಿದ್ದರೆ, ಹಳಬರು ತಮ್ಮ ತಮ್ಮ ಬ್ಯಾಚಿನ ಜೊತೆ ಕೂತಿದ್ದರೆ, ತಲುಪಿಲ್ಲ. ಹಾಗಾದರೆ ನೀವೇ ತಟ್ಟೆ ಹಿಡಿದು ಆ ಮೂಲೆಗೆ ಹೋಗಿ, ನಿಮ್ಮ ಬ್ಯಾಚಿನ ಇಬ್ಬರನ್ನು ಕೂಗಿ ಕರೆಯಿರಿ. "ಯಾವ ಊರು, ಯಾವ ಹಾಸ್ಟೆಲ್, ಯಾವ ಬ್ರಾಂಚ್" ಅಂತ ಶುರುವಾದರೆ ಮುಂದಿನದು ತಾನಾಗಿ ನಡೆಯುತ್ತದೆ.

ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ಅದೇ ಸಂಜೆ ಸಮಿತಿಯವರು ಹಂಚಿಕೊಳ್ಳಿ. ನಂಬರ್ ಬರೆದವರಿಗೆಲ್ಲ ಮೂರು ದಿನದೊಳಗೆ ಒಂದು ಸಂದೇಶ ಹೋಗಬೇಕು. ಖಾಲಿ ಸಾಲಿನಲ್ಲಿ ಬರೆದಿರುವ ವಿಷಯಕ್ಕೆ ಉತ್ತರ ಗೊತ್ತಿಲ್ಲದಿದ್ದರೂ "ಓದಿದ್ದೇವೆ, ವಿಚಾರಿಸಿ ಈ ವಾರದೊಳಗೆ ಹೇಳುತ್ತೇವೆ" ಅಂತ ಬರೆಯಿರಿ. ನಂಬರ್ ಬರೆಯದೆ ಕಷ್ಟ ಮಾತ್ರ ಬರೆದವರೂ ಇರುತ್ತಾರೆ. ಅವರನ್ನು ಹುಡುಕಲು ಹೋಗಬೇಡಿ. ಆ ವಿಷಯಕ್ಕೆ ಉತ್ತರವನ್ನು, ಯಾರು ಕೇಳಿದರು ಅಂತ ಸುಳಿವು ಕೊಡದೆ, ಗುಂಪಿನಲ್ಲಿ ಎಲ್ಲರಿಗೂ ಹಾಕಿ.